ಮಗಳ ರಕ್ತ ಆಮೇಲೆ, ಮೊದಲು ಅತ್ತೆಯ ರಕ್ತ

ಹೋದ ವರ್ಷ ನಮ್ಮ ತಾಲ್ಲೂಕಿನ ಒಂದು ಮನೆಯಲ್ಲಿ ಲ್ಯಾಬ್ ರಿಪೋರ್ಟ್ ಬಂದ ಖುಷಿಗೆ ಪೇಡ ಹಂಚಿದರು. ಇಪ್ಪತ್ಮೂರು ವರ್ಷದ ಮಗಳಿಗೆ 'ಕ್ಯಾನ್ಸರ್ ಜೀನ್ ಇಲ್ಲ' ಎಂದು ಕಾಗದ ಬಂದಿತ್ತು. ನಮಗೂ ಒಂದು ಪೇಡ ಸಿಕ್ಕಿತು, ತಿಂದೆವು. ಆ ಕಾಗದಕ್ಕೆ ಪೇಡದ ಬೆಲೆಯೂ ಇರಲಿಲ್ಲ ಎಂದು ತಿಳಿದದ್ದು ಆರು ತಿಂಗಳ ಮೇಲೆ. ಈ ಬರಹ ಆ ಕಾಗದ ಮಾರಿದವರ ಮೇಲೆ. ಅದಕ್ಕಿಂತ ಹೆಚ್ಚಾಗಿ, ಅದನ್ನು ಮಾರಲು ಜಾಗ ಬಿಟ್ಟುಕೊಟ್ಟವರ ಮೇಲೆ.

ಆ ಮನೆಯ ಕಥೆ ಹೀಗಿದೆ. ಹುಡುಗಿಯ ಅಪ್ಪನಿಗೆ ಇಬ್ಬರು ಅಕ್ಕತಂಗಿಯರು. ದೊಡ್ಡತ್ತೆ 39ನೇ ವಯಸ್ಸಿಗೆ ಸ್ತನ ಕ್ಯಾನ್ಸರಿನಿಂದ ತೀರಿಕೊಂಡರು. ಚಿಕ್ಕತ್ತೆಗೆ 43ಕ್ಕೆ ಗಂಟು ಕಾಣಿಸಿತು. ಆಪರೇಷನ್, ಕೀಮೋ ಎಲ್ಲಾ ಆಗಿ ಈಗ 46, ಹೊಲಕ್ಕೆ ಹೋಗಿಬರುವಷ್ಟು ಗಟ್ಟಿಯಾಗಿದ್ದಾರೆ. ಅಪ್ಪನ ಅಮ್ಮ ಐವತ್ತು ದಾಟುತ್ತಲೇ 'ಹೊಟ್ಟೆಯಲ್ಲಿ ನೀರು ತುಂಬಿ' ಹೋದರು ಎಂದು ಊರು ಹೇಳುತ್ತದೆ. ಊರು ಇನ್ನೊಂದನ್ನೂ ಹೇಳುತ್ತದೆ, ಆ ಮನೆಯ ಹೆಣ್ಣುಮಕ್ಕಳಿಗೆ ದೋಷ ಇದೆ ಎಂದು. ಹುಡುಗಿಗೆ ಗಂಡು ನೋಡಲು ಶುರು ಮಾಡಿದ ಹೊತ್ತಿಗೇ ಒಂದು ಆರೋಗ್ಯ ಶಿಬಿರದಲ್ಲಿ ಏಜೆಂಟ್ ಸಿಕ್ಕ. ಮಗಳ ರಕ್ತ ಕೊಡಿ, ಗೊತ್ತಾಗಿಬಿಡುತ್ತೆ ಅಂದ. ಅಪ್ಪ ಹಣ ಹೊಂದಿಸಿ ಕೊಟ್ಟರು.

ತಪ್ಪು ಆಗಿದ್ದು ಅಲ್ಲೇ. ರಕ್ತ ಕೊಡಬೇಕಾದವರು ಮಗಳಲ್ಲ, ಚಿಕ್ಕತ್ತೆ.

ಯಾಕೆ ಅಂತ ನಿಧಾನವಾಗಿ ನೋಡೋಣ. ನಮ್ಮ ಮೈಯ ಜೀವಕೋಶಗಳಲ್ಲಿ ಬಿಆರ್‌ಸಿಎ-1, ಬಿಆರ್‌ಸಿಎ-2 ಎಂಬ ಎರಡು ಜೀನ್‌ಗಳಿವೆ. ಡಾಕ್ಟರುಗಳು ಬಾಯಿಮಾತಿನಲ್ಲಿ 'ಬ್ರಾಕಾ' ಅನ್ನುತ್ತಾರೆ. ಇವು ಎಲ್ಲರಲ್ಲೂ ಇರುತ್ತವೆ, ಗಂಡಸರಲ್ಲೂ. ಜೀವಕೋಶದೊಳಗಿನ ಡಿಎನ್‌ಎ ಮುರಿದಾಗ ಅದನ್ನು ಸರಿಮಾಡುವುದು ಇವುಗಳ ಕೆಲಸ. ಕೆಲವು ಮನೆತನಗಳಲ್ಲಿ ಈ ಜೀನ್ ಕೆಟ್ಟು ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತದೆ. ಬಿಆರ್‌ಸಿಎ-1 ಕೆಟ್ಟಿರುವ 100 ಹೆಂಗಸರಲ್ಲಿ ಸುಮಾರು 70 ಮಂದಿಗೆ 80 ವಯಸ್ಸಿನೊಳಗೆ ಸ್ತನ ಕ್ಯಾನ್ಸರ್ ಬರುತ್ತದೆ, 40ಕ್ಕೂ ಹೆಚ್ಚು ಮಂದಿಗೆ ಅಂಡಾಶಯದ ಕ್ಯಾನ್ಸರ್ ಬರುತ್ತದೆ. ತಂದೆಗಾಗಲಿ ತಾಯಿಗಾಗಲಿ ಇದ್ದರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. 'ಅಪ್ಪನ ಕಡೆಯದ್ದು ಲೆಕ್ಕಕ್ಕಿಲ್ಲ' ಅನ್ನುವುದು ಶುದ್ಧ ಸುಳ್ಳು. ಗಂಡಸು ತನಗೆ ಏನೂ ಆಗದೆಯೇ ಅದನ್ನು ಮಗಳಿಗೆ ದಾಟಿಸಬಹುದು.

ಜೀನ್ ಅನ್ನು ಸಾವಿರಾರು ಅಕ್ಷರಗಳ ದೊಡ್ಡ ಪುಸ್ತಕ ಅಂದುಕೊಳ್ಳಿ. ಒಂದೊಂದು ಮನೆತನದಲ್ಲಿ ತಪ್ಪು ಒಂದೊಂದು ಪುಟದಲ್ಲಿರುತ್ತದೆ. ಯಾವ ಪುಟ ಎಂದು ಮೊದಲು ಗೊತ್ತಾಗಬೇಕಾದರೆ, ಆ ತಪ್ಪು ಇರುವ ಸಾಧ್ಯತೆ ಅತಿ ಹೆಚ್ಚಾಗಿರುವ ಪುಸ್ತಕವನ್ನೇ ತೆರೆಯಬೇಕು. ಅದು ಕಾಯಿಲೆ ಬಂದವರ ಪುಸ್ತಕ. ಅತ್ತೆಯಲ್ಲಿ ತಪ್ಪು ಸಿಕ್ಕಿತು ಅನ್ನಿ. ಆಮೇಲೆ ಮನೆಯ ಉಳಿದವರಲ್ಲಿ ಆ ಒಂದು ಪುಟ ನೋಡಿದರೆ ಸಾಕು. ಖರ್ಚೂ ಪೂರ್ತಿ ಟೆಸ್ಟಿಗಿಂತ ಬಹಳ ಕಡಿಮೆ. ಆಗ ಮಗಳಿಗೆ 'ಇಲ್ಲ' ಅಂತ ಬಂದರೆ ಅದು ನಿಜವಾದ ಇಲ್ಲ. ಮನೆಯ ಆ ತಪ್ಪು ಅವಳಿಗೆ ಇಳಿದಿಲ್ಲ, ಅವಳ ಅಪಾಯ ಹೆಚ್ಚುಕಡಿಮೆ ಊರಿನ ಉಳಿದ ಹೆಂಗಸರಷ್ಟೇ.

ಆದರೆ ಅತ್ತೆಯನ್ನು ಬಿಟ್ಟು ನೇರವಾಗಿ ಮಗಳನ್ನು ನೋಡಿದಾಗ ಬರುವ 'ಇಲ್ಲ'ಕ್ಕೆ ಎರಡು ಅರ್ಥ. ಮನೆಯಲ್ಲಿ ತಪ್ಪು ಇದೆ, ಅವಳಿಗೆ ಬಂದಿಲ್ಲ ಎಂದಾದರೂ ಇರಬಹುದು. ಮನೆಯ ತಪ್ಪು ಈ ಟೆಸ್ಟ್ ನೋಡದ ಜಾಗದಲ್ಲಿದೆ, ಅವಳಿಗೂ ಬಂದಿರಬಹುದು ಎಂದಾದರೂ ಇರಬಹುದು. ಯಾವುದು ಎಂದು ಆ ಕಾಗದ ಹೇಳುವುದಿಲ್ಲ. ಪೇಡ ಹಂಚಿದ್ದು ಈ ಕಾಗದಕ್ಕೆ.

ಇದು ಗೊತ್ತಾದ ಮೇಲೆ ನಾವೇ ಆ ರಿಪೋರ್ಟ್ ತೆಗೆದುಕೊಂಡು ಓದಿದೆವು. ಕೊನೆಯ ಪುಟದ ಸಣ್ಣಕ್ಷರದಲ್ಲಿ ಬರೆದಿತ್ತು, ಆಯ್ದ ಕೆಲವು ಬದಲಾವಣೆಗಳನ್ನು ಮಾತ್ರ ನೋಡಲಾಗಿದೆ ಎಂದು. ಅಂದರೆ ಪುಸ್ತಕ ಓದಿಯೇ ಇಲ್ಲ, ಅಲ್ಲೊಂದು ಇಲ್ಲೊಂದು ಸಾಲಿನ ಮೇಲೆ ಬೆರಳಿಟ್ಟು ನೋಡಿದ್ದಾರೆ. ಪೂರ್ತಿ ಟೆಸ್ಟ್ ಅಂದರೆ ಎರಡೂ ಜೀನ್‌ಗಳನ್ನು ಮೊದಲಿಂದ ಕೊನೆಯವರೆಗೆ ಓದಬೇಕು. ಜೊತೆಗೆ ಪುಟಗಟ್ಟಲೆ ಹರಿದುಹೋಗಿದೆಯೇ ಎಂದೂ ನೋಡಬೇಕು. ಒಂದೊಂದೇ ಅಕ್ಷರ ಓದುವಾಗ ದೊಡ್ಡ ಹರಕು ತಪ್ಪಿಸಿಕೊಳ್ಳಬಹುದು. ಅದನ್ನು ಹಿಡಿಯುವ ಒಂದು ವಿಧಾನಕ್ಕೆ 'ಎಂಎಲ್‌ಪಿಎ' ಎಂಬ ಹೆಸರಿದೆ. ಹಣ ಕೊಡುವ ಮೊದಲು ಕೇಳಬೇಕಾದ ಪ್ರಶ್ನೆ ಇದೇ: ಪೂರ್ತಿ ಓದುತ್ತೀರಾ? ಹರಕನ್ನೂ ನೋಡುತ್ತೀರಾ?

ಏಜೆಂಟನನ್ನು ಬೈಯುವುದು ಸುಲಭ. ನಮ್ಮ ಸಿಟ್ಟು ಆಸ್ಪತ್ರೆಗಳ ಮೇಲೂ ಇದೆ. ಚಿಕ್ಕತ್ತೆ ಮೂರು ವರ್ಷದಲ್ಲಿ ಎರಡು ಆಸ್ಪತ್ರೆ ಕಂಡಿದ್ದಾರೆ. ಅವರ ಬಯಾಪ್ಸಿ ರಿಪೋರ್ಟಿನಲ್ಲಿ ಮೂರೂ ಪರೀಕ್ಷೆ ನೆಗೆಟಿವ್ ಎಂದು ಟೈಪಾಗಿದೆ. ಇದಕ್ಕೆ ಟ್ರಿಪಲ್ ನೆಗೆಟಿವ್ ಅನ್ನುತ್ತಾರೆ, ಬಿಆರ್‌ಸಿಎ-1 ಕೆಟ್ಟಿರುವವರಲ್ಲಿ ಹೆಚ್ಚಾಗಿ ಕಾಣುವ ಬಗೆ. ವಯಸ್ಸು 43. ಒಬ್ಬ ಅಕ್ಕ ಅದೇ ಕಾಯಿಲೆಗೆ ಹೋಗಿದ್ದಾರೆ. ಇಷ್ಟಿದ್ದೂ ಆ ಮೂರು ವರ್ಷದಲ್ಲಿ 'ನಿಮ್ಮ ಮನೆಯಲ್ಲಿ ಇನ್ಯಾರಿಗೆ ಬಂದಿತ್ತಮ್ಮಾ?' ಎಂದು ಒಬ್ಬರೂ ಕೇಳಿಲ್ಲ. ಆಸ್ಪತ್ರೆ ಕೇಳದೆ ಬಿಟ್ಟ ಪ್ರಶ್ನೆಯನ್ನು ಏಜೆಂಟ್ ಕೇಳಿದ, ಅದಕ್ಕೆ ತಪ್ಪು ಉತ್ತರ ಮಾರಿದ.

ಈಗ ಕೆಲವರು ನಮಗೆ ಹೇಳುತ್ತಾರೆ: ಕಾಯಿಲೆ ಬಂದಾಗಿದೆ, ಅತ್ತೆಗೆ ಟೆಸ್ಟ್ ಮಾಡಿಸಿ ಏನು ಲಾಭ, ಆ ಹಣ ಚಿಕ್ಕವರಿಗೆ ಇರಲಿ. ಈ ಮಾತು ಎರಡು ಸಲ ತಪ್ಪು. ಚಿಕ್ಕವರಿಗೆ ಸರಿಯಾದ ಉತ್ತರ ಸಿಗುವುದೇ ಅತ್ತೆಯ ರಕ್ತದಿಂದ. ಎರಡನೆಯದಾಗಿ, ಅತ್ತೆಗೇ ಅದರಿಂದ ಲಾಭವಿದೆ. ಅವರ ಇನ್ನೊಂದು ಸ್ತನಕ್ಕೆ, ಅಂಡಾಶಯಕ್ಕೆ ಅಪಾಯ ಉಳಿದೇ ಇರುತ್ತದೆ. ಬ್ರಾಕಾ ಕೆಟ್ಟಿರುವ ಕೆಲವು ರೋಗಿಗಳಿಗೆ ಒಲಾಪರಿಬ್ ಎಂಬ ಮಾತ್ರೆ ಕೆಲಸ ಮಾಡುತ್ತದೆ. ಟೆಸ್ಟ್ ಇಲ್ಲದೆ ಅದನ್ನು ಕೊಡುವ ಮಾತೇ ಬರುವುದಿಲ್ಲ.

ಕೊನೆಗೆ ಚಿಕ್ಕತ್ತೆ ಬೆಂಗಳೂರಿಗೆ ಹೋಗಿ ಜೆನೆಟಿಕ್ ಕೌನ್ಸೆಲರ್ ಎದುರು ಕೂತರು. ನಾವೂ ಜೊತೆಗಿದ್ದೆವು. ಮೊದಲ ಮುಕ್ಕಾಲು ಗಂಟೆ ಸೂಜಿಯ ಸುದ್ದಿಯೇ ಇಲ್ಲ. ಆಕೆ ಒಂದು ಹಾಳೆಯಲ್ಲಿ ಮೂರು ತಲೆಮಾರಿನ ವಂಶವೃಕ್ಷ ಬರೆದರು. ಹೆಂಗಸರಿಗೆ ಗುಂಡು, ಗಂಡಸರಿಗೆ ಚೌಕ, ಕಾಯಿಲೆ ಬಂದವರಿಗೆ ಕಪ್ಪು. ಯಾರಿಗೆ, ಯಾವ ಕ್ಯಾನ್ಸರ್, ಯಾವ ವಯಸ್ಸಿಗೆ ಎಂದು ಕೇಳಿದರು. ಅಜ್ಜಿಯ 'ಹೊಟ್ಟೆ ನೀರು' ಏನೆಂದು ಆಗ ಯಾರಿಗೂ ಹೇಳಲಾಗಲಿಲ್ಲ. ಊರಿಗೆ ಬಂದು ಟ್ರಂಕ್ ತೆಗೆದಾಗ ಹಳೇ ಚೀಟಿ ಸಿಕ್ಕಿತು, ಅಂಡಾಶಯದ ಗಡ್ಡೆ ಎಂದಿತ್ತು. ಒಂದೇ ಕಡೆಯಲ್ಲಿ ಸ್ತನದ್ದು ಎರಡು, ಅಂಡಾಶಯದ್ದು ಒಂದು. ಟೆಸ್ಟ್ ಮಾಡಲು ಇದಕ್ಕಿಂತ ಗಟ್ಟಿ ಕಾರಣ ಬೇಕಿಲ್ಲ.

ಕೆಲವು ವಾರಗಳ ಮೇಲೆ ಉತ್ತರ ಬಂತು. ಬಿಆರ್‌ಸಿಎ-1ರ ಒಂದು ತುಂಡೇ ಇಲ್ಲ, ದೊಡ್ಡ ಹರಕು. ಪ್ಯಾಕೇಜಿನವರು ನೋಡಿಯೇ ಇರದ ಜಾಗ. ಅತ್ತೆ ಡಾಕ್ಟರ ಜೊತೆ ಮಾತಾಡಿ ಅಂಡಾಶಯ, ಗರ್ಭನಾಳ ತೆಗೆಸಿಕೊಂಡರು. ಅಂಡಾಶಯದ ಕ್ಯಾನ್ಸರನ್ನು ಮುಂಚೆಯೇ ಹಿಡಿಯುವ ನಂಬಿಕಸ್ಥ ಸ್ಕ್ಯಾನಿಂಗ್ ಇಲ್ಲ. ಆದ್ದರಿಂದ ಬಿಆರ್‌ಸಿಎ-1 ಕೆಟ್ಟವರಿಗೆ, ಮಕ್ಕಳಾದ ಮೇಲೆ, 35ರಿಂದ 40ರೊಳಗೆ ತೆಗೆಸಿ ಎನ್ನುತ್ತಾರೆ. ಅತ್ತೆಗೆ ಆ ಮಾತು ತಡವಾಗಿ ಸಿಕ್ಕಿತು. ದೊಡ್ಡತ್ತೆಗೆ ಸಿಗಲೇ ಇಲ್ಲ.

ಮುಂದಿನ ಸರದಿ ಮಗಳದ್ದಲ್ಲ, ಅಪ್ಪನದ್ದು. ಅಪ್ಪನಿಗೆ ಇಲ್ಲದಿದ್ದರೆ ಮಕ್ಕಳಿಗೆ ಅವರಿಂದ ಬರುವ ದಾರಿಯೇ ಇಲ್ಲ, ಟೆಸ್ಟೂ ಬೇಕಿಲ್ಲ. ಅಪ್ಪನಿಗೆ ಇತ್ತು. ರಿಪೋರ್ಟ್ ಹಿಡಿದು ಅವರು, "ನಾನೇ ಕೊಟ್ಟೆನಾ?" ಅಂದರು. ಚಿಕ್ಕತ್ತೆ, "ನಿಂಗೆ ಕೊಟ್ಟಿದ್ದು ಅವ್ವ, ಅವ್ವಂಗೆ ಕೊಟ್ಟಿದ್ದು ಯಾರೋ. ಬೈಯೋದಾದ್ರೆ ಎಷ್ಟು ಜನನ್ನ ಬೈತೀಯಪ್ಪ?" ಅಂದರು.

ಮಗಳ ಟೆಸ್ಟ್ ಇನ್ನೂ ಆಗಿಲ್ಲ. ಅವಳಿಗೆ ಬಂದಿದ್ದರೂ ಎಂಆರ್‌ಐ ತಪಾಸಣೆ ಶುರುವಾಗುವುದು 25ಕ್ಕೆ, ವರ್ಷಕ್ಕೊಮ್ಮೆ. 30ರಿಂದ ಮಮೊಗ್ರಾಮ್ ಸೇರುತ್ತದೆ. ಅಲ್ಲಿಯವರೆಗೆ ಅವಳಿಗೆ ಯೋಚಿಸಲು ಸಮಯವಿದೆ ಎಂದು ಕೌನ್ಸೆಲರ್ ಅವಳೊಬ್ಬಳನ್ನೇ ಕೂರಿಸಿಕೊಂಡು ಹೇಳಿದರು. ಇದ್ದರೆ ಕ್ಯಾನ್ಸರ್ ಬಂತು ಅಂತಲ್ಲ, ಉತ್ತರ ಯಾರಿಗೆ ಹೇಳಬೇಕು ಎನ್ನುವುದೂ ನಿನ್ನದೇ ಎಂದರು. ಈ ಮಾತನ್ನು ಯಾವ ಪ್ಯಾಕೇಜಿನಲ್ಲೂ ಮಾರುವುದಿಲ್ಲ. ಮದುವೆ ಮಾತಿನ ನಡುವೆ, ಅವಳನ್ನು ಕೇಳದೆ, ರಕ್ತ ತೆಗೆಸಿದ್ದು ಟೆಸ್ಟ್ ಅಲ್ಲ, ಜಾತಕ ಕೂಡಿಸಿದ್ದು.

ಇದನ್ನು ಓದಿ ಎಲ್ಲರೂ ರಕ್ತ ಕೊಡಲು ಹೊರಡಬೇಡಿ. ಸ್ತನ ಕ್ಯಾನ್ಸರ್ ರೋಗಿಗಳು 100 ಮಂದಿ ಇದ್ದರೆ ವಂಶದಿಂದ ಬಂದದ್ದು 5ರಿಂದ 10 ಮಂದಿಗೆ ಮಾತ್ರ. ಅಜ್ಜಿಗೊಬ್ಬರಿಗೆ 72ಕ್ಕೆ ಬಂದಿತ್ತು, ಬೇರೆ ಯಾರಿಗೂ ಇಲ್ಲ ಅನ್ನುವ ಮನೆಗೆ ಸಾಮಾನ್ಯವಾಗಿ ಇದು ಬೇಡ. ಐವತ್ತರೊಳಗೆ ಬಂದಿದ್ದರೆ, ಟ್ರಿಪಲ್ ನೆಗೆಟಿವ್ ಆಗಿದ್ದರೆ, ಎರಡೂ ಸ್ತನಕ್ಕೆ ಬಂದಿದ್ದರೆ, ಮನೆಯ ಗಂಡಸಿಗೆ ಸ್ತನ ಕ್ಯಾನ್ಸರ್ ಬಂದಿದ್ದರೆ, ಯಾವ ವಯಸ್ಸಿಗಾದರೂ ಅಂಡಾಶಯದ್ದು ಬಂದಿದ್ದರೆ, ಒಂದೇ ಕಡೆಯ ರಕ್ತಸಂಬಂಧದಲ್ಲಿ ಮೂರು ಮಂದಿಗೆ ಬಂದಿದ್ದರೆ ಕೇಳಿ. ಕಾಯಿಲೆ ಬಂದವರು ಯಾರೂ ಉಳಿದಿಲ್ಲವಾದರೆ ಅವರಿಗೆ ಅತಿ ಹತ್ತಿರದ ರಕ್ತಸಂಬಂಧಿಯಿಂದ ಶುರು ಮಾಡಬಹುದು. ಆದರೆ ಆಗ ಬರುವ 'ಇಲ್ಲ' ಅರ್ಧ ಉತ್ತರ ಎಂದು ತಿಳಿದೇ ಮಾಡಿಸಿ. ಕೆಲವೊಮ್ಮೆ 'ಬದಲಾವಣೆ ಇದೆ, ಅರ್ಥ ಗೊತ್ತಿಲ್ಲ' ಎಂದೂ ಬರುತ್ತದೆ. ರಿಪೋರ್ಟಿನಲ್ಲಿ ಅದನ್ನು 'ವಿಯುಎಸ್' ಎನ್ನುತ್ತಾರೆ. ಅದನ್ನು ನಂಬಿ ಯಾರೂ ಅಂಗ ತೆಗೆಸಿಕೊಳ್ಳಬಾರದು. ಅಂಥವುಗಳಲ್ಲಿ ಹೆಚ್ಚಿನವು ಮುಂದೆ ನಿರುಪದ್ರವಿ ಎಂದೇ ತಿಳಿಯುತ್ತದೆ.

ಆಸ್ಪತ್ರೆಗಳಿಗೆ ನಮ್ಮ ಬೇಡಿಕೆ ದೊಡ್ಡದಲ್ಲ. ಸ್ತನ ಕ್ಯಾನ್ಸರಿನ ಪ್ರತಿ ರೋಗಿಯ ಫೈಲಿನ ಮೊದಲ ಹಾಳೆಯಲ್ಲಿ ಅಪ್ಪನ ಕಡೆ, ಅಮ್ಮನ ಕಡೆ ಎಂದು ಎರಡು ಸಾಲು ಇರಲಿ, ಅವನ್ನು ತುಂಬಿಸಿ. ನಿಮ್ಮ ಮನೆಯಲ್ಲಿ ಹೀಗೆ ಮತ್ತೆ ಮತ್ತೆ ಬಂದಿದ್ದರೆ ಅವರು ಕೇಳುವವರೆಗೂ ಕಾಯಬೇಡಿ. ಇವತ್ತು ರಾತ್ರಿ ಊಟಕ್ಕೆ ಕೂತಾಗ ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಿ: ಯಾರಿಗೆ, ಎಲ್ಲಿಗೆ, ಯಾವ ವಯಸ್ಸಿಗೆ. ಟ್ರಂಕಿನಲ್ಲಿರುವ ಹಳೇ ಚೀಟಿ ಒಲೆಗೆ ಹಾಕಬೇಡಿ. ಶಿಬಿರದಲ್ಲಿ ಯಾರಾದರೂ ನಿಮ್ಮ ಮಗಳ ತೋಳು ಹಿಡಿದರೆ, ಮೊದಲು ಕಾಯಿಲೆ ಬಂದವರ ರಕ್ತ, ಆಮೇಲೆ ಇವಳದ್ದು ಎಂದು ಹೇಳಿ ಕಳಿಸಿ.