ಫೋನಿನಲ್ಲಿ ‘ಹೂಂ’ ಅಂದದ್ದು ಒಪ್ಪಿಗೆ ಅಲ್ಲ: ಬ್ಯಾಂಕಿಗೆ ನಾವು ಬರೆದ ಮರುಪತ್ರ

ನಮ್ಮ ಕಡೆ ಫೋನಿನಲ್ಲಿ ಒಬ್ಬರು ಮಾತಾಡುತ್ತಿದ್ದರೆ ಇನ್ನೊಬ್ಬರು ‘ಹೂಂ… ಹೂಂ…’ ಅನ್ನುತ್ತಲೇ ಇರಬೇಕು. ಅನ್ನದಿದ್ದರೆ ‘ಲೈನ್ ಕಟ್ ಆತೇನು?’ ಅಂತ ಆ ಕಡೆಯವರು ಕೇಳುತ್ತಾರೆ. ಹೂಂ ಅಂದರೆ ‘ಕೇಳಾಕತ್ತೀನಿ, ಹೇಳ್ರಿ’ ಅಂತ. ‘ನನ್ನ ದುಡ್ಡು ತಗೊಳ್ರಿ’ ಅಂತ ಅಲ್ಲ. ಇಷ್ಟು ಸಣ್ಣ ಮಾತನ್ನು ಒಂದು ದೊಡ್ಡ ಬ್ಯಾಂಕಿಗೆ ತಿಳಿಸಲು ನಮಗೆ ಮೂರು ಪತ್ರ, ಎರಡು ತಿಂಗಳು ಬೇಕಾದವು.

ಬರೆದ ಸುದ್ದಿಗೆ ಸಂಭಾವನೆ ಬರುವುದು ಎರಡು ಮೂರು ತಿಂಗಳಿಗೊಮ್ಮೆ. ನಡುವೆ ಬೈಕಿಗೆ ಪೆಟ್ರೋಲು, ಫೋನಿಗೆ ರೀಚಾರ್ಜು ನಿಲ್ಲುವುದಿಲ್ಲ. ಅದಕ್ಕೇ ನಮ್ಮ ಬಳಿ ಒಂದು ಕ್ರೆಡಿಟ್ ಕಾರ್ಡು ಇದೆ. ಜೂನ್ 12ರಂದು ಅದರ ಸ್ಟೇಟ್‌ಮೆಂಟ್ ಬಂತು. ಒಟ್ಟು 8,500 ರೂಪಾಯಿ. ಅದರಲ್ಲಿ 6,140 ನಾವೇ ಖರ್ಚು ಮಾಡಿದ್ದು. ಉಳಿದ ಎರಡು ಸಾಲುಗಳು ಹೀಗಿದ್ದವು: ಜೂನ್ 5, ‘ಪ್ರೊಟೆಕ್ಷನ್ ಪ್ಲಾನ್’, 2,000. ಅದರ ಮೇಲೆ ಶೇ. 18 ಜಿಎಸ್‌ಟಿ, 360.

ಜೂನ್ 4ರಂದು ಸಂತೆಯ ಸುದ್ದಿ ಮಾಡುತ್ತಿದ್ದಾಗ ಬ್ಯಾಂಕಿನ ಹೆಸರು ಹೇಳಿ ಒಂದು ಕರೆ ಬಂದಿತ್ತು. ಒಬ್ಬ ಹುಡುಗ ಅರ್ಧ ಹಿಂದಿ, ಅರ್ಧ ಇಂಗ್ಲಿಷಿನಲ್ಲಿ ಕಾರ್ಡಿನ ಸುರಕ್ಷತೆಯ ಬಗ್ಗೆ ಏನೋ ಹೇಳುತ್ತಿದ್ದ. ಗದ್ದಲದಲ್ಲಿ ಹೂಂ ಹೂಂ ಅಂದೆವು. ಕೊನೆಗೆ ‘ಈಗ ಕೆಲಸದಾಗ ಇದ್ದೀವಿ, ಆಮೇಲೆ’ ಅಂತ ಇಟ್ಟೆವು. ಓಟಿಪಿ ಬರಲಿಲ್ಲ, ನಾವು ಯಾವುದನ್ನೂ ಒತ್ತಲಿಲ್ಲ, ಸಹಿಯಂತೂ ಇಲ್ಲವೇ ಇಲ್ಲ.

ಜೂನ್ 14ರಂದು ಇಮೇಲಿನಲ್ಲಿ ದೂರು ಕೊಟ್ಟೆವು. 24ಕ್ಕೆ ಉತ್ತರ ಬಂತು. ಅದರ ಸಾರ ಇಷ್ಟು: ನಿಮ್ಮ ದೂರು ಪರಿಶೀಲಿಸಲಾಗಿದೆ, ದೂರವಾಣಿಯಲ್ಲಿ ನಿಮ್ಮ ಒಪ್ಪಿಗೆ ಪಡೆಯಲಾಗಿದೆ, ಶುಲ್ಕ ಕ್ರಮಬದ್ಧವಾಗಿದೆ, ದೂರನ್ನು ಮುಕ್ತಾಯಗೊಳಿಸಲಾಗಿದೆ.

ನಮ್ಮ ತಕರಾರು ಇಲ್ಲಿಂದಲೇ ಶುರು. ‘ಒಪ್ಪಿಗೆ ಪಡೆಯಲಾಗಿದೆ’ ಅನ್ನುವುದು ಉತ್ತರ ಅಲ್ಲ. ಅದು ಆರೋಪಕ್ಕೆ ಒಳಗಾದವರೇ ಬರೆದುಕೊಂಡ ತೀರ್ಪು. ರಸಗೊಬ್ಬರದ ಅಂಗಡಿಯವರು ನಮ್ಮ ಖಾತೆಗೆ ಎರಡು ಚೀಲ ಹೆಚ್ಚು ಬರೆದು, ಕೇಳಿದರೆ ‘ಪರಿಶೀಲಿಸಿದ್ದೇವೆ, ಸರಿಯಾಗಿದೆ’ ಅಂದರೆ ನಾವು ಸುಮ್ಮನೆ ಬರುತ್ತೇವೆಯೇ? ಚೀಟಿ ತೋರಿಸ್ರಿ ಅನ್ನುತ್ತೇವೆ. ಬ್ಯಾಂಕಿನ ಮುಂದೆ ಮಾತ್ರ ಆ ಮಾತು ಬಾಯಿಗೆ ಬರುವುದಿಲ್ಲ.

ತಾಲ್ಲೂಕಿನ ಶಾಖೆಗೂ ಹೋಗಿದ್ದೆವು. ಮ್ಯಾನೇಜರು ಒಳ್ಳೆಯವರೇ. ‘ಕಾರ್ಡಿಂದು ನಮ್ಮ ಕೈಯಾಗಿಲ್ರಿ, ಅದು ಬೇರೆ ವಿಭಾಗ. ಎರಡು ಸಾವಿರಕ್ಕ ಯಾಕ ತಲಿ ಕೆಡಿಸ್ಕೊಂತೀರಿ, ಕಟ್ಟಿಬಿಡ್ರಿ. ಸಿಬಿಲ್ ಹಾಳಾದ್ರ ನಾಳೆ ಪಂಪ್‌ಸೆಟ್ ಸಾಲ ಸಿಗೂದಿಲ್ಲ’ ಅಂದರು. ಅವರ ಮಾತಿನಲ್ಲಿ ಸುಳ್ಳಿಲ್ಲ. ನಮಗೂ ಆ ಸಾಲದ ಅರ್ಜಿಯದೇ ಹೆದರಿಕೆ ಇತ್ತು. ಆದರೆ ತಪ್ಪು ಶುಲ್ಕ ಬದುಕುವುದೇ ಈ ಹೆದರಿಕೆಯ ಮೇಲೆ. ಜಗಳಕ್ಕೆ ಸಣ್ಣದು ಅನ್ನಿಸುವಷ್ಟು, ನಮ್ಮ ಜೇಬಿಗೆ ದೊಡ್ಡದು ಅನ್ನಿಸುವಷ್ಟು ಮೊತ್ತವೇ ಅಲ್ಲಿ ಇರುತ್ತದೆ.

ಅದಕ್ಕೇ ಜೂನ್ 26ರಂದು ಮರುಪತ್ರ ಬರೆದೆವು. ‘ದಯವಿಟ್ಟು ಕೃಪೆ ತೋರಿ’, ‘ಬಡವರು’, ‘ತಮ್ಮ ವಿಧೇಯ’ ಎಂಬ ಮಾತುಗಳನ್ನು ಬೇಕೆಂದೇ ಬಿಟ್ಟೆವು. ಬೇಡುವ ಪತ್ರಕ್ಕೆ ‘ಆಗುವುದಿಲ್ಲ’ ಅಂತ ಬರೆದರೆ ಮುಗಿಯಿತು. ಲೆಕ್ಕ ಕೇಳುವ ಪತ್ರಕ್ಕೆ ಲೆಕ್ಕವನ್ನೇ ಕೊಡಬೇಕಾಗುತ್ತದೆ. ಆ ಪತ್ರ ಇದು:

“ಇವರಿಗೆ: ಕುಂದುಕೊರತೆ ನಿವಾರಣಾ ಅಧಿಕಾರಿಗಳು, ಕ್ರೆಡಿಟ್ ಕಾರ್ಡ್ ವಿಭಾಗ.

ವಿಷಯ: ಜೂನ್ 24ರ ನಿಮ್ಮ ಉತ್ತರಕ್ಕೆ ಆಕ್ಷೇಪ. ದೂರಿನ ಸಂಖ್ಯೆ, ಕಾರ್ಡಿನ ಕೊನೆಯ ನಾಲ್ಕು ಅಂಕಿ ಮೇಲೆ ಬರೆದಂತೆ.

1. ಜೂನ್ 12ರ ಸ್ಟೇಟ್‌ಮೆಂಟಿನಲ್ಲಿ ಜೂನ್ 5ರ ದಿನಾಂಕದಲ್ಲಿ ಹಾಕಿರುವ 2,000 ಮತ್ತು ಅದರ ತೆರಿಗೆ 360, ಒಟ್ಟು 2,360 ರೂಪಾಯಿಯನ್ನು ನಾವು ಒಪ್ಪುವುದಿಲ್ಲ. ಉಳಿದ 6,140 ನಮ್ಮ ಖರ್ಚು. ಅದನ್ನು ಕೊನೆಯ ದಿನಾಂಕದೊಳಗೆ ಕಟ್ಟುತ್ತೇವೆ.

2. ನಾವು ಒಪ್ಪಿಗೆ ಕೊಟ್ಟಿದ್ದೇವೆ ಎಂದಿದ್ದೀರಿ. ಆ ಕರೆಯ ಪೂರ್ತಿ ಧ್ವನಿಮುದ್ರಿಕೆ, ಕರೆಯ ದಿನಾಂಕ ಮತ್ತು ವೇಳೆ, ಶುಲ್ಕ ಎಷ್ಟೆಂದು ನಮಗೆ ಹೇಳಿದ ಮಾತು, ಅದಕ್ಕೆ ನಾವು ಕೊಟ್ಟ ಉತ್ತರ, ಇವಿಷ್ಟನ್ನೂ ಕಳುಹಿಸಿ. ತುಣುಕು ಬೇಡ.

3. ರಿಸರ್ವ್ ಬ್ಯಾಂಕಿನ ಕಾರ್ಡ್ ನಿರ್ದೇಶನದ ಪ್ರಕಾರ, ಗ್ರಾಹಕರು ಬಿಲ್ಲಿಗೆ ತಕರಾರು ಎತ್ತಿದರೆ ಬ್ಯಾಂಕು ವಿವರಣೆಯನ್ನೂ ಅಗತ್ಯವಿದ್ದಲ್ಲಿ ದಾಖಲೆಯ ಪುರಾವೆಯನ್ನೂ ದೂರಿನ ದಿನದಿಂದ 30 ದಿನದೊಳಗೆ ಕೊಡಬೇಕು. ನಿಮ್ಮ ಉತ್ತರದಲ್ಲಿ ಪುರಾವೆ ಇಲ್ಲ. ಕಾರ್ಡ್ ಕೊಡುವಾಗ ಸ್ಪಷ್ಟವಾಗಿ ತಿಳಿಸದ, ಸ್ಪಷ್ಟ ಒಪ್ಪಿಗೆ ಪಡೆಯದ ಶುಲ್ಕವನ್ನು ಹಾಕಬಾರದು ಎಂದೂ ಅದೇ ನಿರ್ದೇಶನ ಹೇಳುತ್ತದೆ.

4. ಪುರಾವೆ ಇಲ್ಲದಿದ್ದರೆ 2,360 ರೂಪಾಯಿಯನ್ನೂ ಅದರಿಂದಾಗಿ ಬೀಳುವ ಬಡ್ಡಿ, ದಂಡ, ತೆರಿಗೆಯನ್ನೂ ವಾಪಸ್ ಹಾಕಿ, ಪ್ಲಾನ್ ರದ್ದು ಮಾಡಿ, ಲಿಖಿತವಾಗಿ ತಿಳಿಸಿ.

5. ತಕರಾರು ಇತ್ಯರ್ಥವಾಗುವವರೆಗೆ ಈ ಮೊತ್ತವನ್ನು ಬಾಕಿ ಎಂದು ಕ್ರೆಡಿಟ್ ಮಾಹಿತಿ ಕಂಪನಿಗಳಿಗೆ ವರದಿ ಮಾಡಬೇಡಿ.

6. ದೂರು ಕೊಟ್ಟ ದಿನದಿಂದ 30 ದಿನದೊಳಗೆ ಪುರಾವೆ ಬರದಿದ್ದರೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ದೂರು ಕೊಡುತ್ತೇವೆ.”

ಇಷ್ಟೇ ಪತ್ರ. ಇಮೇಲ್ ಮಾಡಿದೆವು, ಸ್ಪೀಡ್ ಪೋಸ್ಟಿನಲ್ಲೂ ಹಾಕಿ ರಸೀದಿ ಇಟ್ಟುಕೊಂಡೆವು. ಪೂರ್ತಿ ಕಾರ್ಡ್ ಸಂಖ್ಯೆಯನ್ನು ಎಲ್ಲೂ ಬರೆಯಲಿಲ್ಲ, ಕೊನೆಯ ನಾಲ್ಕು ಅಂಕಿ ಸಾಕು.

ಇದರಲ್ಲಿ ಎರಡು ಸಂಗತಿಗಳನ್ನು ಬಿಡಿಸಿ ಹೇಳಬೇಕು.

ಮೊದಲನೆಯದು, ‘ಮೋಸ’ ಎಂಬ ಪದವನ್ನು ನಾವು ಬಳಸಲಿಲ್ಲ. ಯಾರೋ ಕಳ್ಳರು ಕಾರ್ಡಿನಿಂದ ದುಡ್ಡು ಎಗರಿಸಿದ್ದರೆ ಅದರ ದಾರಿಯೇ ಬೇರೆ. ಆಗ ಮೊದಲು ಕಾರ್ಡು ಬ್ಲಾಕ್ ಮಾಡಬೇಕು, ಕೂಡಲೇ ಬ್ಯಾಂಕಿಗೆ ತಿಳಿಸಬೇಕು. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯಂತೆ, ತಪ್ಪು ಬ್ಯಾಂಕಿನದೂ ಅಲ್ಲ ನಮ್ಮದೂ ಅಲ್ಲ ಎಂದಾದರೆ, ಬ್ಯಾಂಕಿನಿಂದ ಮಾಹಿತಿ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದವರ ಮೇಲೆ ಹೊರೆಯೇ ಬೀಳುತ್ತಿರಲಿಲ್ಲ. ನಮ್ಮ ಪ್ರಕರಣದಲ್ಲಿ ದುಡ್ಡು ಹಾಕಿದ್ದು ಬ್ಯಾಂಕೇ. ಅದನ್ನು ಮೋಸದ ವಹಿವಾಟು ಅಂತ ಬರೆದಿದ್ದರೆ ಕಡತ ಬೇರೆ ಮೇಜಿಗೆ ಹೋಗಿ, ‘ವಹಿವಾಟು ನಮ್ಮದೇ, ಮೋಸ ಇಲ್ಲ’ ಅಂತ ಸುಲಭವಾಗಿ ಮುಚ್ಚಿಬಿಡುತ್ತಿದ್ದರು.

ಎರಡನೆಯದು, ದುಡ್ಡು ಕಟ್ಟುವ ವಿಷಯ. ಸಿಟ್ಟಿಗೆ ಇಡೀ ಬಿಲ್ಲನ್ನೇ ಕಟ್ಟದೆ ಕೂತರೆ ಬ್ಯಾಂಕಿನ ಕೈಗೆ ನಾವೇ ಕೋಲು ಕೊಟ್ಟಂತೆ. ಆಗ ಸಿಬಿಲ್‌ನಲ್ಲಿ ಕಾಣುವುದು ನಮ್ಮ ತಕರಾರಲ್ಲ, ನಮ್ಮ ಬಾಕಿ. ನಾವು ಜೂನ್ 30ರಂದು 6,140 ಕಟ್ಟಿದೆವು. ಅದು ಬಿಲ್ಲಿನಲ್ಲಿದ್ದ ಕನಿಷ್ಠ ಮೊತ್ತಕ್ಕಿಂತ ಎಷ್ಟೋ ಹೆಚ್ಚು, ಹಾಗಾಗಿ ತಡ ಪಾವತಿಯ ದಂಡ ಬೀಳಲಿಲ್ಲ. ಆದರೆ ಒಂದು ರೂಪಾಯಿ ಉಳಿಸಿಕೊಂಡರೂ ಬಡ್ಡಿರಹಿತ ಅವಧಿ ಹೋಗುತ್ತದೆ, ಇದು ಕಾರ್ಡಿನ ಷರತ್ತು. ಜುಲೈ 12ರ ಬಿಲ್ಲಿನಲ್ಲಿ 310 ರೂಪಾಯಿ ಬಡ್ಡಿ, ಅದರ ತೆರಿಗೆ 55 ರೂಪಾಯಿ 80 ಪೈಸೆ ಬಂದೇ ಬಂತು. ಈ ಕಿರಿಕಿರಿ ಬೇಡ ಅನ್ನುವವರು ಪೂರ್ತಿ 8,500 ಕಟ್ಟಿ, ‘ಆಕ್ಷೇಪಕ್ಕೆ ಒಳಪಟ್ಟು ಕಟ್ಟುತ್ತಿದ್ದೇವೆ, 2,360 ವಾಪಸ್ ಕೊಡಿ’ ಅಂತ ಬರೆಯಬಹುದು. ಕಟ್ಟಿದ ಮಾತ್ರಕ್ಕೆ ಒಪ್ಪಿಕೊಂಡಂತೆ ಆಗುವುದಿಲ್ಲ. ಬರೆಯದೆ ಸುಮ್ಮನೆ ಕಟ್ಟುವುದೇ ತಪ್ಪು.

ಇನ್ನೊಂದು ನಿಷ್ಠುರದ ಮಾತು. ಆ ಕರೆಯಲ್ಲಿ ‘ಎರಡು ಸಾವಿರ ಆಗುತ್ತದೆ, ಹಾಕಲೇ?’ ಅಂತ ಕೇಳಿ, ನೀವು ‘ಹಾಕ್ರಿ’ ಅಂದಿದ್ದರೆ ಈ ಪತ್ರ ನಿಲ್ಲುವುದಿಲ್ಲ. ಆಗ ಪ್ಲಾನ್ ರದ್ದು ಮಾಡಿ ಅಂತ ಕೇಳಬಹುದೇ ಹೊರತು, ಒಪ್ಪಿಲ್ಲ ಅಂತ ಸುಳ್ಳು ಬರೆಯಬಾರದು. ಧ್ವನಿಮುದ್ರಿಕೆ ಕೇಳುವ ಪತ್ರಕ್ಕೆ ಬಲ ಬರುವುದು ಅದರಲ್ಲಿ ಏನಿದೆ ಎಂಬ ಹೆದರಿಕೆ ನಮಗಿಲ್ಲದಾಗ.

ಜುಲೈ 19ಕ್ಕೆ ಉತ್ತರ ಬಂತು. ಧ್ವನಿಮುದ್ರಿಕೆ ಬರಲಿಲ್ಲ. ಬದಲಿಗೆ ‘ನಮ್ಮ ಮೌಲ್ಯಯುತ ಗ್ರಾಹಕರಾದ ತಮಗೆ ಸೌಹಾರ್ದದ ಕ್ರಮವಾಗಿ, ಒಂದು ಬಾರಿಗೆ ಮಾತ್ರ’ 2,360 ವಾಪಸ್ ಹಾಕುತ್ತಿದ್ದೇವೆ ಅಂತ ಇತ್ತು. ಬಡ್ಡಿಯ ಮಾತೇ ಇಲ್ಲ.

ನಮಗೆ ಹೆಚ್ಚು ಸಿಟ್ಟು ಬಂದದ್ದು ಈ ಸೌಹಾರ್ದ ನೋಡಿ. ನಮ್ಮ ದುಡ್ಡು ನಮಗೆ ಕೊಡುವುದು ಉಪಕಾರ ಹೇಗಾಗುತ್ತದೆ? ಪುರಾವೆ ಇದ್ದಿದ್ದರೆ ತೋರಿಸುತ್ತಿದ್ದರು. ಇಲ್ಲ ಅಂದಮೇಲೆ ‘ತಪ್ಪಾಗಿದೆ’ ಅನ್ನಬೇಕು. ಹಾಗೆ ಬರೆದರೆ ಅದೇ ಹುಡುಗನ ಅದೇ ಕರೆಗೆ ಹೂಂ ಅಂದ ಉಳಿದವರಿಗೂ ಉತ್ತರ ಹೇಳಬೇಕಾಗುತ್ತದೆ. ಸೌಹಾರ್ದ ಅಂದರೆ ಪತ್ರ ಬರೆದ ಒಬ್ಬರಿಗೆ ಕೊಟ್ಟು, ಬರೆಯದವರ ದುಡ್ಡನ್ನು ಇಟ್ಟುಕೊಳ್ಳಬಹುದು. ಕರೆ ಮಾಡಿದ ಹುಡುಗನ ಮೇಲೆ ನಮಗೆ ಸಿಟ್ಟಿಲ್ಲ, ಅವನೂ ತಿಂಗಳ ಟಾರ್ಗೆಟ್ಟಿಗೆ ದುಡಿಯುವವನು. ಒಪ್ಪಿಗೆ ಇದೆಯೋ ಇಲ್ಲವೋ ನೋಡದೆ ಬಿಲ್ಲಿಗೆ ಏರಿಸಿದವರನ್ನು, ದೂರು ಬಂದ ಮೇಲೂ ನೋಡದೆ ಮುಚ್ಚಿದವರನ್ನು ಕೇಳುತ್ತಿದ್ದೇವೆ.

ಮೂರನೇ ಪತ್ರ ನಾಲ್ಕೇ ಸಾಲು. ‘ಸೌಹಾರ್ದ ಎಂಬ ವಿವರಣೆ ನಮಗೆ ಒಪ್ಪಿಗೆಯಿಲ್ಲ. ಪುರಾವೆ ಇಲ್ಲದ್ದರಿಂದ ಶುಲ್ಕ ತಪ್ಪು ಎಂದು ದಾಖಲಿಸಿ. ಆ ಶುಲ್ಕದಿಂದಲೇ ಬಿದ್ದ ಬಡ್ಡಿ ಮತ್ತು ತೆರಿಗೆ 365 ರೂಪಾಯಿ 80 ಪೈಸೆ ವಾಪಸ್ ಹಾಕಿ. ಇಲ್ಲವಾದರೆ ಓಂಬುಡ್ಸ್‌ಮನ್‌ ಬಳಿ ಹೋಗುತ್ತೇವೆ.’ ಆಗಸ್ಟ್ 12ರ ಸ್ಟೇಟ್‌ಮೆಂಟಿನಲ್ಲಿ ಆ ದುಡ್ಡೂ ಬಂತು. ತಪ್ಪು ಎಂಬ ಪದ ಮಾತ್ರ ಇವತ್ತಿಗೂ ಬಂದಿಲ್ಲ.

ಓಂಬುಡ್ಸ್‌ಮನ್ ಅಂದರೆ ಕೋರ್ಟು ಕಚೇರಿ ಅಲ್ಲ. ವಕೀಲರು ಬೇಡ, ಶುಲ್ಕ ಇಲ್ಲ. ಮೊದಲು ಬ್ಯಾಂಕಿಗೇ ಬರೆದು ದೂರು ಕೊಟ್ಟಿರಬೇಕು. 30 ದಿನ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ಕೊಡದಿದ್ದರೆ cms.rbi.org.in ನಲ್ಲಿ ದೂರು ಹಾಕಬಹುದು. ಗೊತ್ತಾಗದಿದ್ದರೆ 14448ಕ್ಕೆ ಕರೆ ಮಾಡಿ ಕೇಳಬಹುದು. ಬ್ಯಾಂಕಿನ ಉತ್ತರ ಬಂದ ಮೇಲೆ ನಿಗದಿತ ಅವಧಿ ದಾಟಿದರೆ ತೆಗೆದುಕೊಳ್ಳುವುದಿಲ್ಲ. ಅಲ್ಲಿ ಮೊದಲು ಕೇಳುವುದು ‘ಬ್ಯಾಂಕಿಗೆ ಬರೆದಿದ್ದೀರಾ, ಪ್ರತಿ ಎಲ್ಲಿ?’ ಅಂತ. ಕೌಂಟರಿನ ಮುಂದೆ ನಿಂತು ಹೇಳಿದ ಮಾತಿಗೆ ಪ್ರತಿ ಇರುವುದಿಲ್ಲ.

ಹೋದ ವಾರ ಅದೇ ಥರದ ನಂಬರಿನಿಂದ ಮತ್ತೆ ಕರೆ ಬಂತು. ‘ಸರ್, ಆಪ್ ಸುನ್ ರಹೇ ಹೈ?’ ಅಂದರು. ನಾವು ಹೂಂ ಅನ್ನಲಿಲ್ಲ. ‘ಬೇಡ’ ಅಂದೆವು, ಕನ್ನಡದಲ್ಲೇ. ಅದೂ ರೆಕಾರ್ಡ್ ಆಗಿರಲಿ.