ಕ್ಯಾಶ್‌ನಲ್ಲಿ ಉಳಿಯುವುದು ಯಾರಿಗೆ?

"ಡೀಡ್‌ನಲ್ಲಿ 80 ತೋರಿಸೋಣ ಸಾರ್, ಉಳಿದ 40 ಕ್ಯಾಶ್. ಇಬ್ಬರಿಗೂ ಲಾಭ." ಮೈಸೂರಲ್ಲೋ ಬೆಂಗಳೂರಲ್ಲೋ ಸೈಟ್ ಕೊಳ್ಳಲು ಹೋದ ಅನಿವಾಸಿಗಳಿಗೆ ಬ್ರೋಕರ್ ಹೇಳುವ ಮಾತಿದು. ಇಬ್ಬರಿಗೂ ಲಾಭ ಅನ್ನೋದು ಸುಳ್ಳು. ಲೆಕ್ಕ ಹಾಕಿಯೇ ನೋಡೋಣ.

ಸೈಟಿನ ನಿಜವಾದ ಬೆಲೆ 1.2 ಕೋಟಿ, ನೋಂದಣಿ 80 ಲಕ್ಷಕ್ಕೆ. ಮುಚ್ಚಿಟ್ಟ 40 ಲಕ್ಷದ ಮೇಲೆ ಕೊಳ್ಳುವವರಿಗೆ ಮುದ್ರಾಂಕ ಮತ್ತು ನೋಂದಣಿ ಶುಲ್ಕದಲ್ಲಿ ಸುಮಾರು 3 ಲಕ್ಷ ಉಳಿಯುತ್ತೆ. ಮಾರುವವರಿಗೆ 12.5% ದರದಲ್ಲಿ 5 ಲಕ್ಷ ತೆರಿಗೆ ಉಳಿಯುತ್ತೆ. ಆದರೆ ಆ 5 ಲಕ್ಷ ಮಾಯವಾಗಲ್ಲ. ನಾಳೆ ನೀವು ಅದೇ ಸೈಟನ್ನು 1.5 ಕೋಟಿಗೆ ಪೂರ್ತಿ ಬಿಳಿ ಹಣದಲ್ಲಿ ಮಾರಿದಾಗ, ಕಾಗದದ ಪ್ರಕಾರ ನಿಮ್ಮ ಖರೀದಿ ಬೆಲೆ 80 ಲಕ್ಷ ಮಾತ್ರ. ನಿಜವಾದ ಲಾಭ 30 ಲಕ್ಷವಾದರೂ ತೆರಿಗೆ ಕಟ್ಟುವುದು 70 ಲಕ್ಷಕ್ಕೆ. ಅಂದರೆ ಮಾರಿದವರು ತಪ್ಪಿಸಿಕೊಂಡ ತೆರಿಗೆಯನ್ನು ನೀವೇ ಕಟ್ಟುತ್ತೀರಿ.

ಹಾಗಂತ ಮಾರುವವರು ಗೆದ್ದರಾ? ಅದೂ ಇಲ್ಲ. ಆಸ್ತಿ ಮಾರಾಟಕ್ಕೆ ಅಡ್ವಾನ್ಸ್ ಅಂತ 20,000 ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2015ರಿಂದಲೇ ನಿಷೇಧಿಸಿದೆ. ದಂಡ ಎಷ್ಟು? ಪಡೆದಷ್ಟೇ ಮೊತ್ತ. 5 ಲಕ್ಷ ಉಳಿಸಲು 40 ಲಕ್ಷವನ್ನು ಪಣಕ್ಕಿಟ್ಟಂತಾಯಿತು. ಕೊಳ್ಳುವವರಿಗೆ ಇನ್ನೊಂದು ಪ್ರಶ್ನೆ ಕಾದಿರುತ್ತೆ: ಆ 40 ಲಕ್ಷ ಎಲ್ಲಿಂದ ಬಂತು? ಉತ್ತರ ಇಲ್ಲದಿದ್ದರೆ ಅದು ವಿವರಣೆಯಿಲ್ಲದ ಹೂಡಿಕೆ, ಅದಕ್ಕೆ ಬೇರೆಯೇ ತೆರಿಗೆ.

"ಯಾರಿಗೆ ಗೊತ್ತಾಗುತ್ತೆ?" ಅಂತೀರಾ? ಜಗಳ ಶುರುವಾದ ದಿನ ಗೊತ್ತಾಗುತ್ತೆ. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಬೆಂಗಳೂರಿನ ಒಂದು ಪ್ರಕರಣದಲ್ಲಿ, ಆಸ್ತಿಗೆ 75 ಲಕ್ಷ ನಗದು ಅಡ್ವಾನ್ಸ್ ಕೊಟ್ಟಿದ್ದೇವೆ ಅಂತ ದಾವೆ ಹೂಡಿದವರಿದ್ದರು. ಅವರ ದಾವೆ ತಿರಸ್ಕೃತವಾಯಿತು. ಜೊತೆಗೆ ಕೋರ್ಟ್ ಒಂದು ನಿರ್ದೇಶನವನ್ನೂ ಕೊಟ್ಟಿತು: 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಕೊಟ್ಟಿದ್ದೇವೆ ಅಂತ ದಾವೆಯಲ್ಲಿ ಹೇಳಿದರೆ ನ್ಯಾಯಾಲಯವೇ ಆದಾಯ ತೆರಿಗೆ ಇಲಾಖೆಗೆ ತಿಳಿಸಬೇಕು. ನೋಂದಣಿಗೆ ಬಂದ ಪತ್ರದಲ್ಲಿ ಅಂಥ ಮೊತ್ತ ಕಂಡರೆ ಸಬ್ ರಿಜಿಸ್ಟ್ರಾರ್ ಕೂಡ ತಿಳಿಸಬೇಕು. ಅಂದರೆ ಡೀಲ್ ಮುರಿದುಬಿದ್ದಾಗ ನಿಮ್ಮ ಹಣ ವಾಪಸ್ ಕೇಳಲು ಕೋರ್ಟಿಗೆ ಹೋದರೆ, ನಿಮ್ಮ ಅರ್ಜಿಯೇ ಇಲಾಖೆಯನ್ನು ಎಚ್ಚರಿಸುತ್ತೆ. ಹೋಗದಿದ್ದರೆ ಕೊಟ್ಟಿದ್ದಕ್ಕೆ ಸಾಕ್ಷಿಯೂ ಇಲ್ಲ.

ಹೊರದೇಶದಲ್ಲಿರುವವರ ಕಷ್ಟ ಇನ್ನೂ ಹೆಚ್ಚು. ಕೊಳ್ಳುವಾಗ ನಮ್ಮ ಹಣ ಬ್ಯಾಂಕ್ ಮೂಲಕವೇ ಬರಬೇಕು, ಅದು ವಿದೇಶಿ ವಿನಿಮಯದ ನಿಯಮ. ಮಾರಿದ ಹಣವನ್ನು ವಾಪಸ್ ತರಲು ಬ್ಯಾಂಕ್ ಮೊದಲು ಕೇಳುವುದೇ ಮಾರಾಟ ಪತ್ರ ಮತ್ತು ತೆರಿಗೆ ಕಾಗದ. ಅಪ್ಪನ ಮನೆಯ ಬೀರುವಿನಲ್ಲಿ ಕೂತ 40 ಲಕ್ಷಕ್ಕೆ ಆ ದಾರಿ ಇಲ್ಲ.

ಆದ್ದರಿಂದ ಬ್ರೋಕರ್ "ಎಲ್ಲರೂ ಹೀಗೇ ಮಾಡೋದು" ಅಂದರೆ ಒಂದೇ ಮಾತು ಹೇಳಿ: ಪೂರ್ತಿ ಬೆಲೆ ಡೀಡ್‌ನಲ್ಲಿ, ಪೂರ್ತಿ ಹಣ ಬ್ಯಾಂಕಿನಲ್ಲಿ. ಒಪ್ಪದ ಮಾರಾಟಗಾರರು ತಮ್ಮ ತೆರಿಗೆಯ ಬಿಲ್ಲನ್ನು ನಿಮ್ಮ ಜೇಬಿಗೆ ತುರುಕುತ್ತಿದ್ದಾರೆ, ಅಷ್ಟೇ.