ಮೂತಿಗೆ ಹೊಡದ್ರ ಮರಿ ಏನು ಕಲೀತದ?

"ವೈನಿ, ಮರಿ ಕಚ್ಚಿದ್ರ ಮೂತಿಗೆ ಒಂದು ಕೊಡ್ರಿ" ಅಂತ ಓಣ್ಯಾಗ ಎಲ್ಲಾರೂ ಹೇಳಿದ್ರು. ಎರಡು ದಿನ ಕೊಟ್ಟೆ. ನಮ್ಮ ಎರಡೂವರಿ ತಿಂಗಳ ಕರಿಯ ಕಚ್ಚೋದು ಬಿಡಲಿಲ್ಲ. ಕೈ ಕಂಡ್ರ ಮಂಚದ ಕೆಳಗ ಹೊಕ್ಕು ಗುರ್ ಅನ್ನಾಕತ್ತಿತು. ಕೈ ಅಂದ್ರ ಪೆಟ್ಟು ಅಂತ ಕಲಿಸಿದಾಕಿ ನಾನ.

ಮರಿ ಮರಿ ಕೂಡಿ ಆಡುವಾಗ ಒಂದು ಜೋರಾಗಿ ಕಚ್ಚಿದ್ರ ಇನ್ನೊಂದು ಆಟಾನ ಬಿಟ್ಟು ಹೋಗ್ತದ. ಆ ಪಾಠ ನಾವು ಮುಂದುವರಿಸಬೇಕು. ಜೋರಾಗಿ ಕಚ್ಚಿತಂದ್ರ ಕೈ ಜಗ್ಗಬ್ಯಾಡ್ರಿ, ಜಗ್ಗಿದ್ರ ಅದಕ್ಕ ಇನ್ನೂ ಆಟ. ಕೈ ಸಡಲ ಬಿಟ್ಟು, ಮಾತಾಡದ ಎದ್ದು, 20 ಎಣಿಸೂತನಕ ಬೆನ್ನು ತಿರುಗಿಸಿ ನಿಲ್ರಿ. ಬೆನ್ನು ಹತ್ತಿ ಸೀರಿ ಹಿಡಿದ್ರ ಹೊರಗ ಹೋಗಿ ಬಾಗಲಾ ಹಾಕ್ರಿ. ಆಮ್ಯಾಲೆ ಮತ್ತ ಆಡ್ರಿ.

ಮೊದಲು ಜೋರು ಕಡತಕ್ಕಷ್ಟ ಆಟ ನಿಲ್ಲಸ್ರಿ. ಅದು ಕಡಿಮಿ ಆದಮ್ಯಾಲೆ ಸಣ್ಣ ಕಡತಕ್ಕೂ, ಕಡೀಕ ಹಲ್ಲು ತಾಗಿದ್ರೂ ನಿಲ್ಲಸ್ರಿ. ಮೊದಲ ದಿನಾನ ಬಾಯಿ ಮುಚ್ಚಿಸಿದ್ರ ಹಗುರ ಹಿಡಿಯೋದು ಯಾವಾಗ ಕಲೀಬೇಕು? ದೊಡ್ಡದಾದಾಗ ಯಾರರೆ ಬಾಲ ತುಳಿದ್ರ, ಕೆಲಸಕ್ಕ ಬರೋದು ಈ ಹಗುರ ಬಾಯಿನ.

ನಾಲ್ಕು ತಿಂಗಳ ಸುಮಾರಿಗೆ ಹಾಲುಹಲ್ಲು ಬೀಳಾಕತ್ತಿದ್ರ ಕಡಿಯೋ ಚಟ ಹೆಚ್ಚಾಗ್ತದ. ಹಸಿ ಅರಿವಿ ಗಂಟು ಕಟ್ಟಿ, ಫ್ರಿಜ್ಜಿನಾಗ ತಣ್ಣಗ ಮಾಡಿ ಕೊಡ್ರಿ. ಹರದು ನುಂಗೀತು, ಮುಂದ ಕೂಡ್ರಿ.

ಹಲ್ಲು ಗೀರಿ ರಕ್ತ ಬಂದ್ರ ಅರಿಷಿಣ ಹಚ್ಚಿ ಸುಮ್ಮನಿರಬ್ಯಾಡ್ರಿ. ಸಾಬೂನು ಹಚ್ಚಿ ಹರಿಯೋ ನೀರಾಗ 15 ನಿಮಿಷ ತೊಳದು, ಅವತ್ತ ದವಾಖಾನಿಗೆ ಹೋಗ್ರಿ.

ಮೂರು ವಾರದಾಗ ಕರಿಯ ನನ್ನ ಬೆರಳು ಬಾಯಾಗ ಹಿಡದ್ರೂ ಗೀರು ಬೀಳೂದಿಲ್ಲ. ಪೆಟ್ಟು ಕೊಡ್ರಿ ಅಂದವರು ಬಂದು ನೋಡ್ರಿ.